ಪ್ರಶಸ್ತಿ ಪಡೆದ ಶಾಲೆಗೆ ನಾನು ಬರೆದ ಅಭಿನಂದನಾ ಪತ್ರ

ನಮ್ಮ ಕ್ಲಸ್ಟರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದಕ್ಕೆ ಉತ್ತಮ ಶಾಲೆ ಪ್ರಶಸ್ತಿ ಬಂದಾಗ, ಅಲ್ಲಿನ ಸಿಬ್ಬಂದಿಯನ್ನೂ ಪೋಷಕರನ್ನೂ ಅಭಿನಂದಿಸುವ ಪತ್ರ ಬರೆದು ಸಭೆಯಲ್ಲಿ ಓದುವ ಹೊಣೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಅಂದರೆ ಸಿ.ಆರ್.ಪಿ. ಆಗಿದ್ದ ನನ್ನ ಪಾಲಿಗೆ ಬಂತು. ಇಂಥ ಪತ್ರಗಳಲ್ಲಿ ‘ಹಗಲಿರುಳೆನ್ನದೆ ಶ್ರಮಿಸಿದ’ ಎಂಬ ಮಾತು ತಪ್ಪದೇ ಇರುತ್ತದೆ. ಶಾಲೆಯ ಹೆಸರನ್ನಷ್ಟೇ ಬದಲಿಸಿದರೆ ಅದೇ ಪತ್ರ ಪಕ್ಕದೂರಿಗೂ ಸಲ್ಲುತ್ತದೆ. ಆದ್ದರಿಂದ ನಾನು ಮುಖ್ಯ ಶಿಕ್ಷಕರಿಂದ ಮೊದಲು ಕೇಳಿ ಪಡೆದದ್ದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ನಡಾವಳಿ ಪುಸ್ತಕ ಮತ್ತು ಹಿಂದಿನ ವರ್ಷಗಳ ಹಾಜರಿ ಪುಸ್ತಕಗಳನ್ನು.

ಹಾಜರಿಯಲ್ಲಿ ಒಂದು ಸಂಗತಿ ಎದ್ದು ಕಂಡಿತು. ಮೊದಲೆಲ್ಲ ಸುಗ್ಗಿಯ ತಿಂಗಳುಗಳಲ್ಲಿ ಆರು, ಏಳನೇ ತರಗತಿಯ ಹೆಣ್ಣುಮಕ್ಕಳ ಹೆಸರಿನ ಮುಂದೆ ಗೈರುಹಾಜರಿಯ ಗುರುತುಗಳೇ ಸಾಲಾಗಿದ್ದವು. ಆಮೇಲಿನ ಪುಸ್ತಕಗಳಲ್ಲಿ ಅವು ಬಹಳ ವಿರಳ. ಕಾರಣ ನಡಾವಳಿಯಲ್ಲಿತ್ತು. ಕೂಸನ್ನು ನೋಡಿಕೊಳ್ಳಲು ದೊಡ್ಡ ಮಗಳನ್ನು ಮನೆಯಲ್ಲಿ ಉಳಿಸಿಕೊಳ್ಳದೆ, ಕೇರಿಯ ತಾಯಂದಿರು ಸರದಿಯ ಮೇಲೆ ಎಲ್ಲರ ಕೂಸುಗಳನ್ನೂ ನೋಡಿಕೊಳ್ಳುವುದೆಂದು ಸಭೆ ಒಪ್ಪಿತ್ತು. ಕೆಳಗೆ ಸಹಿಗಳ ನಡುವೆ ಹೆಬ್ಬೆಟ್ಟಿನ ಗುರುತುಗಳೂ ಇದ್ದವು. 2009ರ ಶಿಕ್ಷಣ ಹಕ್ಕು ಕಾಯ್ದೆಯು ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಅನೇಕ ಕಡೆ ಅದು ಕಾಗದದಲ್ಲೇ ಉಳಿದಿರುವುದನ್ನು ಕಂಡಿದ್ದ ನನಗೆ ಈ ಪುಟವೇ ಪತ್ರದ ತಿರುಳೆನಿಸಿತು. ಹೀಗೆ ಬರೆದೆ: “ತಾಯಂದಿರೇ, ಸುಗ್ಗಿಯಲ್ಲಿ ಒಂದು ದಿನದ ಕೂಲಿ ಬಿಟ್ಟು ಬೇರೆಯವರ ಕೂಸನ್ನು ನೋಡಿಕೊಂಡವರು ನೀವು. ಅಂದು ತರಗತಿಯಲ್ಲಿ ಕುಳಿತ ಪ್ರತಿ ಹುಡುಗಿಯ ಹಾಜರಿಯಲ್ಲಿ ನಿಮ್ಮ ಪಾಲಿದೆ.”

ಸಿಬ್ಬಂದಿಯ ಹೆಸರುಗಳ ವಿಷಯದಲ್ಲಿ ವೇತನ ಪಟ್ಟಿಯನ್ನಷ್ಟೇ ನೆಚ್ಚಿಕೊಳ್ಳುವಂತಿರಲಿಲ್ಲ, ಏಕೆಂದರೆ ಅದರಲ್ಲಿ ಕಾಯಂ ಶಿಕ್ಷಕರು ಮಾತ್ರ ಇರುತ್ತಾರೆ. ಅತಿಥಿ ಶಿಕ್ಷಕರನ್ನೂ ಬಿಸಿಯೂಟದ ಅಡುಗೆಯವರನ್ನೂ ವಿಚಾರಿಸಿ ಸೇರಿಸಿದೆ. ಪ್ರಶಸ್ತಿಗೆ ಕಾರಣವಾದ ಕೆಲಸ ಹಲವು ವರ್ಷಗಳದ್ದಾದ್ದರಿಂದ, ನಲಿ-ಕಲಿ ತರಗತಿಯನ್ನು ಕಟ್ಟಿ ವರ್ಗಾವಣೆಯಾಗಿ ಹೋಗಿದ್ದ ಶಿಕ್ಷಕಿಯ ಹೆಸರನ್ನೂ ಬಿಡಲಿಲ್ಲ. ಹುದ್ದೆಯ ಹಿರಿತನದ ಕ್ರಮ ಬೇಕೆಂದು ಕೆಲವರು ಸೂಚಿಸಿದರು. ನಾನು ಅಕಾರಾದಿಯಾಗಿ ಬರೆದೆ, ಅಡುಗೆಯವರೊಬ್ಬರ ಹೆಸರು ಮೊದಲಿಗೆ ಬಂತು. ಮುಖ್ಯ ಶಿಕ್ಷಕರು ಅದಕ್ಕೆ ನಕ್ಕು ಒಪ್ಪಿದರು.

ಸಭೆಯನ್ನು ಹಗಲಿನಲ್ಲಿ ಇಟ್ಟಿದ್ದರೆ ಅಭಿನಂದನೆಗೆ ಅರ್ಹರಾದ ಪೋಷಕರೇ ಕೂಲಿಗೆ ಹೋಗಿರುತ್ತಿದ್ದರು. ಹಾಗಾಗಿ ಸಂಜೆ, ಶಾಲೆಯ ಅಂಗಳದಲ್ಲಿ ಸೇರಿದೆವು. ಓದು ಬಾರದವರಿಗೆ ಚೌಕಟ್ಟು ಹಾಕಿದ ಪತ್ರಕ್ಕಿಂತ ಕಿವಿಗೆ ಬೀಳುವ ಹೆಸರೇ ಮುಖ್ಯವೆಂದು, ಸರದಿಯಲ್ಲಿದ್ದ ತಾಯಂದಿರನ್ನೆಲ್ಲ ‘ಇಂಥವರ ತಾಯಿ’ ಎನ್ನದೆ ಅವರದೇ ಹೆಸರಿನಿಂದ ಕರೆದೆ. ಪತ್ರದ ಒಂದು ಪ್ರತಿಯನ್ನು ನಡಾವಳಿ ಪುಸ್ತಕದಲ್ಲಿ ಆ ನಿರ್ಣಯದ ಪುಟಕ್ಕೇ ಅಂಟಿಸಿ, ಇನ್ನೊಂದನ್ನು ವರ್ಗಾವಣೆಯಾಗಿದ್ದ ಶಿಕ್ಷಕಿಗೆ ಅಂಚೆಯಲ್ಲಿ ಕಳುಹಿಸಿದೆವು.