ಸ್ಕ್ರೀನ್‌ಶಾಟ್‌ನಿಂದ ಪಂದ್ಯದ ಪಟ್ಟಿ: ಓವರ್‌ನ ಚುಕ್ಕೆಯ ಬಗ್ಗೆ ಎಚ್ಚರ

ಗದ್ದೆಯ ಕೊಯ್ಲು ಮುಗಿದು ಬಯಲು ಒಣಗುತ್ತಿದ್ದಂತೆ ಮಲೆನಾಡಿನ ಊರೂರಲ್ಲಿ ಟೆನಿಸ್ ಬಾಲ್ ಪಂದ್ಯಾವಳಿಗಳು ಶುರುವಾಗುತ್ತವೆ. ಸ್ಕೋರ್ ಬರೆಯುವವರು ಮೊಬೈಲ್‌ನ ಸ್ಕೋರ್‌ಕಾರ್ಡ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಎರಡು ತಂಡಗಳ ಅಂಕ ಸಮವಾಗಿ, ಸೆಮಿಫೈನಲ್‌ಗೆ ಯಾರು ಎಂಬ ಪ್ರಶ್ನೆ ಬಂದಾಗ ಆ ಚಿತ್ರಗಳಿಂದಲೇ ಪಟ್ಟಿ ಮಾಡಬೇಕಾಗುತ್ತದೆ.

ಆರು ಓವರ್‌ಗಳ ಒಂದು ಪಂದ್ಯವನ್ನು ಊಹಿಸಿಕೊಳ್ಳೋಣ. ತೀರ್ಥಹಳ್ಳಿ ತಂಡ 64/4 (6.0), ಹೊಸನಗರ ತಂಡ 31/10 (4.4).

ಮೊದಲ ಕೆಲಸ ಚಿತ್ರದ್ದು. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ಸಣ್ಣ ಚುಕ್ಕೆಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳುಹಿಸಲು ಹೇಳಿ. ಬಳಿಕ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ತೆರೆದು, ಸ್ಕೋರ್‌ನ ಸಾಲುಗಳನ್ನಷ್ಟೇ ಆರಿಸಿ ನಕಲು ಮಾಡಿ.

ಅದನ್ನು ಗೂಗಲ್ ಶೀಟ್ಸ್‌ಗೆ ಅಂಟಿಸುವ ಮೊದಲು, ಅಂಟಿಸಲಿರುವ ಕಾಲಂಗಳನ್ನು Format, Number, Plain text ಎಂದು ಬದಲಿಸಿಕೊಳ್ಳಬೇಕು. ಇಲ್ಲವಾದರೆ, ದಿನ ಮೊದಲು ಬರುವ ನಮ್ಮ ಕ್ರಮಕ್ಕೆ ಹೊಂದಿಸಿದ ಶೀಟ್ 31/10 ಅನ್ನು ಅಕ್ಟೋಬರ್ 31 ಎಂದು ಓದಿಬಿಡುತ್ತದೆ. ಕಡಿಮೆ ಮೊತ್ತದ ಪಂದ್ಯಗಳಲ್ಲಿ ಇದು ಮತ್ತೆ ಮತ್ತೆ ಎದುರಾಗುವ ತೊಂದರೆ.

ಈಗ ಪಟ್ಟಿ, ಬೇರೊಂದು ಶೀಟ್‌ನಲ್ಲಿ. ರನ್, ವಿಕೆಟ್‌ಗಳನ್ನು ಬೇರೆ ಬೇರೆ ಕಾಲಂಗಳಲ್ಲಿ ಬರೆಯಿರಿ. ಓವರ್‌ಗೆ ಒಂದಲ್ಲ, ಎರಡು ಕಾಲಂ ಇಡಿ. 4.4 ಎಂದರೆ ನಾಲ್ಕು ಓವರ್, ನಾಲ್ಕು ಎಸೆತ, ಅದು ದಶಮಾಂಶವಲ್ಲ. ಎಸೆತಗಳಲ್ಲಿ ಲೆಕ್ಕ ಹಾಕಿದರೆ 28. ಹೊಸನಗರದ ರನ್‌ರೇಟ್ ತೆಗೆಯಲು 31ನ್ನು 4.4ರಿಂದ ಭಾಗಿಸಿದರೆ 7.05 ಬರುತ್ತದೆ, ಸರಿಯಾದ ಉತ್ತರ 6.64. ಪಂದ್ಯಗಳನ್ನು ಕೂಡುವಾಗಲೂ ಇದೇ ತಪ್ಪು ನುಸುಳುತ್ತದೆ: 4.4 ಮತ್ತು 5.3 ಓವರ್ ಸೇರಿದರೆ 9.7 ಅಲ್ಲ, 61 ಎಸೆತ, ಅಂದರೆ 10.1.

A ತಂಡ, B ರನ್, C ವಿಕೆಟ್, D ಓವರ್, E ಓವರ್‌ಗಳ ಮೇಲಿನ ಎಸೆತ ಎಂದಿಟ್ಟುಕೊಂಡರೆ, F ಮತ್ತು G ಕಾಲಂಗಳ ಸೂತ್ರ ಹೀಗಿರುತ್ತದೆ. B ಯಿಂದ G ವರೆಗಿನ ಕಾಲಂಗಳು ಸಂಖ್ಯೆಯ ರೂಪದಲ್ಲೇ ಇರಲಿ.

```
=D2*6+E2
=ROUND(B2*6/F2,2)
```

| ತಂಡ | ರನ್ | ವಿಕೆಟ್ | ಓವರ್ | ಎಸೆತ | ಒಟ್ಟು ಎಸೆತ | ರನ್‌ರೇಟ್ |
|---|---|---|---|---|---|---|
| ತೀರ್ಥಹಳ್ಳಿ | 64 | 4 | 6 | 0 | 36 | 10.67 |
| ಹೊಸನಗರ | 31 | 10 | 4 | 4 | 28 | 6.64 |

ಲೆನ್ಸ್ ಓದಿದ್ದನ್ನು ಹಾಗೆಯೇ ನಂಬಬೇಡಿ. ಚುಕ್ಕೆ ಕಳೆದುಹೋದರೆ 4.4 ಎಂಬುದು 44 ಆಗುತ್ತದೆ, ಓರೆಗೆರೆ 1 ಆದರೆ 31/10 ಎಂಬುದು 31110 ಆಗುತ್ತದೆ. ಇಂಥವು ಕಣ್ಣಿಗೆ ಬೀಳುತ್ತವೆ. 3 ಹೋಗಿ 8 ಆದದ್ದು ಬೀಳುವುದಿಲ್ಲ. ಅದಕ್ಕೆ ಸ್ಕೋರ್‌ಕಾರ್ಡ್‌ನೊಳಗೇ ಪರೀಕ್ಷೆಯಿದೆ. ಬ್ಯಾಟರ್‌ಗಳ ರನ್‌ಗಳನ್ನೆಲ್ಲ ಕೂಡಿ ಇತರೆ ರನ್ ಸೇರಿಸಿದರೆ ತಂಡದ ಮೊತ್ತ ಬರಲೇಬೇಕು. ಬೌಲರ್‌ಗಳ ಎಸೆತಗಳನ್ನು ಕೂಡಿದರೆ ಇನಿಂಗ್ಸ್‌ನ ಎಸೆತ ಸಿಗಬೇಕು: ಒಬ್ಬನ 2 ಓವರ್, ಇನ್ನೊಬ್ಬನ 1, ಮತ್ತೊಬ್ಬನ 1.4 ಎಂದರೆ 12, 6, 10, ಒಟ್ಟು 28. ಬೌಲರ್‌ಗಳ ವಿಕೆಟ್‌ಗಳ ಮೊತ್ತ ತಂಡದ ವಿಕೆಟ್‌ಗಿಂತ ಕಡಿಮೆಯಿದ್ದರೆ ಗಾಬರಿ ಬೇಡ, ಆ ವ್ಯತ್ಯಾಸ ರನೌಟ್‌ಗಳಷ್ಟೇ ಇದೆಯೇ ನೋಡಿ. ಓವರ್‌ನ ಚುಕ್ಕೆಯ ನಂತರ 6 ಅಥವಾ ಅದಕ್ಕಿಂತ ದೊಡ್ಡ ಅಂಕಿ ಕಂಡರೆ ಓದು ತಪ್ಪಾಗಿದೆಯೆಂದೇ ಅರ್ಥ.

ಕೊನೆಗೊಂದು ಷರಾ ಕಾಲಂ ಸೇರಿಸಿ. ಆಲ್‌ಔಟ್ ಆದ ತಂಡಕ್ಕೆ ಕೆಲವು ಸ್ಕೋರ್‌ಕಾರ್ಡ್‌ಗಳು ಬರೀ 31 ಎಂದು ತೋರಿಸುತ್ತವೆ. ಒಬ್ಬ ಆಟಗಾರ ಬಾರದಿದ್ದರೆ ಒಂಬತ್ತು ವಿಕೆಟ್‌ಗೇ ಇನಿಂಗ್ಸ್ ಮುಗಿಯುತ್ತದೆ. ಹಾಗಾಗಿ ವಿಕೆಟ್ ಸಂಖ್ಯೆ ನೋಡಿ ಆಲ್‌ಔಟ್ ಎಂದು ತೀರ್ಮಾನಿಸದೆ, ಷರಾದಲ್ಲಿ ಬರೆದಿಡಬೇಕು. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಕ್ರೀಡಾಂಗಣದಲ್ಲಿ ನಡೆದ ಕೂಚ್ ಬೆಹಾರ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ 890/8ಕ್ಕೆ ಡಿಕ್ಲೇರ್ ಮಾಡಿಕೊಂಡಿತು. ಪ್ರಖರ್ ಚತುರ್ವೇದಿ ಅಜೇಯ 404 ಹೊಡೆದ ಪಂದ್ಯ ಅದು. ಅಂಥ ಇನಿಂಗ್ಸ್‌ಗೂ ವಿಕೆಟ್ ಕಾಲಂನಲ್ಲಿ 8 ಎಂದೇ ಇರಬೇಕು, ಡಿಕ್ಲೇರ್ ಎಂಬುದು ಷರಾದಲ್ಲಿ.

ಅಂಕ ಸಮವಾದಾಗ ನೋಡುವ ನಿವ್ವಳ ರನ್‌ರೇಟ್‌ಗೆ, ಅಂದರೆ ತಂಡದ ರನ್‌ರೇಟ್‌ನಿಂದ ಎದುರಾಳಿಯದನ್ನು ಕಳೆದು ಬರುವ ದರಕ್ಕೆ, ಈ ಷರಾ ಬೇಕೇ ಬೇಕು. ಆಲ್‌ಔಟ್ ಆದ ತಂಡ ಆಡಿದ ಎಸೆತಗಳಲ್ಲ, ಪೂರ್ತಿ ಓವರ್‌ಗಳೇ ಲೆಕ್ಕಕ್ಕೆ ಬರುತ್ತವೆ. ಹೊಸನಗರಕ್ಕೆ 28ರ ಬದಲು 36 ಎಸೆತ ಹಿಡಿದರೆ ದರ 5.17 ಆಗುತ್ತದೆ, ತೀರ್ಥಹಳ್ಳಿಯ ನಿವ್ವಳ ದರ 5.50. 28ನ್ನೇ ಇಟ್ಟುಕೊಂಡರೆ 4.02ಕ್ಕೆ ಇಳಿದು ಗೆದ್ದವರಿಗೆ ಅನ್ಯಾಯವಾಗುತ್ತದೆ. ಮಳೆ ಬಂದು ಪಂದ್ಯವನ್ನು ಐದು ಓವರ್‌ಗೆ ಇಳಿಸಿದ್ದರೆ ಪೂರ್ತಿ ಎಂದರೆ 30 ಎಸೆತ. ಅದನ್ನೂ ಅದೇ ದಿನ ಷರಾದಲ್ಲಿ ದಾಖಲಿಸಿ, ಏಕೆಂದರೆ ಸ್ಕ್ರೀನ್‌ಶಾಟ್‌ನಲ್ಲಿ ಮಳೆ ಕಾಣುವುದಿಲ್ಲ.