ಬಿಲ್ಲಿನ ಮೊತ್ತ ಸರಿ ಇದ್ದರೂ ಒಳಗಿನ ಸಾಲು ತಪ್ಪಿರಬಹುದು: ತಾಳೆ ನೋಡುವುದು ಹೀಗೆ

ಹೋಲ್‌ಸೇಲ್ ವ್ಯಾಪಾರಿಯ ಬಿಲ್ ಬಂದರೆ ಹೆಚ್ಚಿನವರು ಮೊದಲು ನೋಡುವುದು ಕೆಳಗಿನ ಒಟ್ಟು ಮೊತ್ತವನ್ನು. ಮೊತ್ತದ ಕಾಲಂ ಕೂಡಿ, ಜಿಎಸ್‌ಟಿ ಸೇರಿಸಿ, ಸರಿ ಬಂತು ಅಂದರೆ ಹಣ ಕೊಟ್ಟುಬಿಡುತ್ತಾರೆ. ಆದರೆ ಒಂದು ಸಾಲಿನ ಮೊತ್ತವೇ ತಪ್ಪಾಗಿದ್ದರೆ ಆ ತಪ್ಪು ಕೂಡಿಕೆಯೊಳಗೆ ಸೇರಿಹೋಗುತ್ತದೆ. ಕೆಳಗಿನ ಲೆಕ್ಕ ಆಗಲೂ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ಪ್ರತಿ ಸಾಲನ್ನೂ ಗುಣಿಸಿ ನೋಡುವುದೇ ಮೊದಲ ಕೆಲಸ, ಕೂಡುವುದು ಆಮೇಲೆ.

ಒಂದು ಹಾರ್ಡ್‌ವೇರ್ ಅಂಗಡಿಗೆ ಬಂದ ಬಿಲ್ ಇಟ್ಟುಕೊಳ್ಳೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಎಲ್ಲ ಸಾಮಾನಿಗೂ ತೆರಿಗೆ ಶೇ 18.

- ಪಿವಿಸಿ ಪೈಪ್: 40 ಪೀಸ್, ದರ 186.50, ಮೊತ್ತ 7,460.00
- ಮೊಳೆ: 25 ಕೆ.ಜಿ., ದರ 84.00, ಮೊತ್ತ 2,100.00
- ನಲ್ಲಿ: 2 ಬಾಕ್ಸ್, ದರ 145.00, ಮೊತ್ತ 3,480.00
- ಕ್ಲ್ಯಾಂಪ್: 500 ಪೀಸ್, ದರ 8.47, ಮೊತ್ತ 4,237.29
- ಬ್ರಷ್: 36 ಪೀಸ್, ದರ 42.50, ಮೊತ್ತ 1,602.00

ಕೂಡಿದರೆ 18,879.29. ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 1,699.14. ರೌಂಡ್ ಆಫ್ 43 ಪೈಸೆ ಸೇರಿ 22,278 ರೂಪಾಯಿ. ಬಿಲ್ಲಿನಲ್ಲೂ ಅಷ್ಟೇ ಇದೆ. ಈಗ ಸಾಲುಗಳನ್ನು ಗುಣಿಸೋಣ.

ಪೈಪ್, ಮೊಳೆ ಸರಿ ಇವೆ. ನಲ್ಲಿಯ ಸಾಲಿನಲ್ಲಿ 2ನ್ನು 145ರಿಂದ ಗುಣಿಸಿದರೆ ಬರೀ 290. ಗಾಬರಿ ಬೇಡ, ಮೊದಲು ಯೂನಿಟ್ ನೋಡಿ. ಪ್ರಮಾಣ ಬಾಕ್ಸ್ ಲೆಕ್ಕದಲ್ಲಿದೆ, ದರ ಒಂದು ನಲ್ಲಿಯದ್ದು. ಬಾಕ್ಸಿಗೆ 12 ನಲ್ಲಿ ಇದ್ದರೆ 24 ನಲ್ಲಿಗೆ 3,480 ಸರಿಯಾಗುತ್ತದೆ. ಆದರೆ ಬಾಕ್ಸಿಗೆ ಎಷ್ಟು ಅನ್ನುವುದನ್ನು ಬಿಲ್ಲಿನಿಂದ ಊಹಿಸಬಾರದು. ಬಾಕ್ಸ್ ಒಡೆದು ಎಣಿಸಬೇಕು. 10 ನಲ್ಲಿ ಇದ್ದರೆ ಲೆಕ್ಕವೇ ಬೇರೆ ಅಲ್ವಾ? ಮುಂದಿನ ಬಿಲ್ಲಿನಲ್ಲಿ ದರದ ಪಕ್ಕ ‘ಪ್ರತಿ ಪೀಸ್‌ಗೆ’ ಎಂದು ಬರೆಯಲು, ಪ್ರಮಾಣವನ್ನೂ ಪೀಸಿನಲ್ಲೇ ಕೊಡಲು ಹೇಳಿ.

ಕ್ಲ್ಯಾಂಪ್ ಸಾಲಿನ ಗುಣಾಕಾರ 4,235.00 ಬರುತ್ತದೆ, ಬಿಲ್ಲಿನಲ್ಲಿ 2.29 ರೂಪಾಯಿ ಜಾಸ್ತಿ ಇದೆ. ಇದು ಬಹಳ ಜನರಿಗೆ ತಲೆನೋವು ತರುವ ಜಾಗ. ವ್ಯಾಪಾರಿ ಮಾತಾಡಿದ ದರ ತೆರಿಗೆ ಸೇರಿ 10 ರೂಪಾಯಿ. ಬಿಲ್ ಮಾಡುವ ಸಾಫ್ಟ್‌ವೇರ್ ಅದನ್ನು 1.18ರಿಂದ ಭಾಗಿಸುತ್ತದೆ. ಸಿಗುವುದು 8.474576. ಲೆಕ್ಕಕ್ಕೆ ಇಡೀ ಅಂಕಿ ಹೋಗುತ್ತದೆ, ಕಾಗದದ ಮೇಲೆ ಎರಡೇ ದಶಮಾಂಶ ಮುದ್ರಣವಾಗುತ್ತದೆ. ಇದು ತಪ್ಪಲ್ಲ. ಹಾಗಂತ ಯಾವ ವ್ಯತ್ಯಾಸವನ್ನೂ ಹೀಗೇ ಬಿಡುವ ಹಾಗಿಲ್ಲ. ಒಂದು ಮಿತಿ ಇಟ್ಟುಕೊಳ್ಳಿ. ಎರಡು ದಶಮಾಂಶಕ್ಕೆ ಇಳಿಸಿದಾಗ ದರದಲ್ಲಿ ಹೆಚ್ಚೆಂದರೆ ಅರ್ಧ ಪೈಸೆ ವ್ಯತ್ಯಾಸವಾಗಬಹುದು. 500 ಪೀಸಿಗೆ ಅದು 2.50 ರೂಪಾಯಿ. 2.29 ಅದರೊಳಗಿದೆ, ಹಾಗಾಗಿ ಒಪ್ಪಬಹುದು. ಮೂರು ರೂಪಾಯಿ ಬಂದಿದ್ದರೆ ಕೇಳಲೇಬೇಕಿತ್ತು.

ಬ್ರಷ್ ಸಾಲಿನಲ್ಲಿ 36ನ್ನು 42.50ರಿಂದ ಗುಣಿಸಿದರೆ 1,530. ಬಿಲ್ಲಿನಲ್ಲಿ 72 ರೂಪಾಯಿ ಹೆಚ್ಚಿದೆ. ಇಲ್ಲಿ ಅರ್ಧ ಪೈಸೆಯ ಮಿತಿ ಬರೀ 18 ಪೈಸೆ. ಹಾಗಾದರೆ ತಪ್ಪು ಎಲ್ಲಿಂದ ಬಂತು? ವ್ಯತ್ಯಾಸವನ್ನು ಒಮ್ಮೆ ದರದಿಂದ, ಒಮ್ಮೆ ಪ್ರಮಾಣದಿಂದ ಭಾಗಿಸಿ. ದರದಿಂದ ಭಾಗಿಸಿದಾಗ ಪೂರ್ಣ ಸಂಖ್ಯೆ ಬಂದರೆ ಪ್ರಮಾಣದಲ್ಲಿ ಹೆಚ್ಚುಕಡಿಮೆ ಆಗಿರುವ ಸಾಧ್ಯತೆ ಜಾಸ್ತಿ. ಇಲ್ಲಿ ಹಾಗಿಲ್ಲ. 36ರಿಂದ ಭಾಗಿಸಿದರೆ ನಿಖರವಾಗಿ 2 ರೂಪಾಯಿ. ಅಂದರೆ ಮೊತ್ತ 44.50ರ ದರಕ್ಕೆ ಹಾಕಿದ್ದು. ದರ ತಿದ್ದಿ ಮೊತ್ತ ತಿದ್ದದೆ ಬಿಟ್ಟಿರಬಹುದು. ಕೈಯಲ್ಲಿ ಬರೆದ ಬಿಲ್ಲಿನಲ್ಲಿ, ಎಕ್ಸೆಲ್‌ನಲ್ಲಿ ಮೊತ್ತವನ್ನು ಟೈಪ್ ಮಾಡಿದ ಬಿಲ್ಲಿನಲ್ಲಿ ಹೀಗಾಗುತ್ತದೆ. ಫೋನ್ ಮಾಡುವ ಮೊದಲು ಆರ್ಡರ್ ಕೊಟ್ಟಾಗ ಒಪ್ಪಿದ ದರ ಯಾವುದು ಎಂದು ತೆಗೆದು ನೋಡಿ. ಒಪ್ಪಿದ್ದು 44.50 ಆಗಿದ್ದರೆ ತಪ್ಪಿರುವುದು ದರದ ಕಾಲಂ, ಮೊತ್ತ ಅಲ್ಲ.

ಸಾಲುಗಳು ಜಾಸ್ತಿ ಇದ್ದರೆ ಎಕ್ಸೆಲ್‌ಗೆ ಹಾಕಿ. B ಪ್ರಮಾಣ, C ದರ, D ಡಿಸ್ಕೌಂಟ್ ಶೇಕಡಾ, E ಬಿಲ್ಲಿನ ಮೊತ್ತ ಎಂದಿಟ್ಟುಕೊಂಡರೆ F ಕಾಲಂನಲ್ಲಿ ವ್ಯತ್ಯಾಸ ಸಿಗುತ್ತದೆ:

```
=ROUND(E2-B2*C2*(1-D2/100),2)
```

ಶೇ 10 ಡಿಸ್ಕೌಂಟ್ ಇದ್ದರೆ D ಕಾಲಂನಲ್ಲಿ 10 ಎಂದಷ್ಟೇ ಬರೆಯಿರಿ. ಬಿಲ್ಲಿನಲ್ಲಿ ತೋರಿಸಿದ ಡಿಸ್ಕೌಂಟ್ ಕಳೆದ ಮೇಲೆ ತೆರಿಗೆ ಹಾಕಬೇಕು. ತೆರಿಗೆ ಹಾಕಿ ಆಮೇಲೆ ಡಿಸ್ಕೌಂಟ್ ಕಳೆದಿದ್ದರೆ ತೆರಿಗೆಯ ಅಂಕಿ ಜಾಸ್ತಿ ಕಾಣುತ್ತದೆ.

ತಪ್ಪು ಖಚಿತವಾದರೆ ಬಿಲ್ಲಿನ ಮೇಲೆ ಪೆನ್ನಿನಲ್ಲಿ ತಿದ್ದಬೇಡಿ. ಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ, ಹೆಚ್ಚು ಹಾಕಿದ ಮೊತ್ತಕ್ಕೆ ಮಾರಿದವರು ಕ್ರೆಡಿಟ್ ನೋಟ್ ಕೊಡಬಹುದು. ಇ-ಇನ್‌ವಾಯ್ಸ್ ಆಗಿದ್ದರೆ ಪೋರ್ಟಲ್‌ನಲ್ಲಿ 24 ಗಂಟೆಯೊಳಗೆ ರದ್ದು ಮಾಡಿ ಹೊಸದು ಮಾಡಲೂ ಅವಕಾಶವಿದೆ. ಅದಕ್ಕೇ ಸರಕು ಬಂದ ದಿನವೇ ಗುಣಿಸಿ ನೋಡುವುದು ಒಳ್ಳೆಯದು. ನಮ್ಮ ಉದಾಹರಣೆಯಲ್ಲಿ ಒಪ್ಪಿದ್ದು 42.50 ಆಗಿದ್ದರೆ, ಕ್ರೆಡಿಟ್ ನೋಟ್‌ನಲ್ಲಿ ಬ್ರಷ್‌ಗೆ 72 ರೂಪಾಯಿ, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ತಲಾ 6.48 ಎಂದು ಬೇರೆಬೇರೆಯಾಗಿ ಇರಬೇಕು. ಸುಮ್ನೆ ‘85 ರೂಪಾಯಿ ಕಡಿತ’ ಎಂದು ಬರೆಸಿಕೊಂಡರೆ ತೆರಿಗೆಯ ಲೆಕ್ಕ ಸರಿಹೋಗುವುದಿಲ್ಲ.