ಲ್ಯಾಕ್ಟೇಟ್ ಮಿತಿ ಕಂಡುಕೊಳ್ಳುವುದು ಹೇಗೆ? ಓಟದ ಝೋನ್‌ಗಳಿಗೆ ಅದೇ ಯಾಕೆ ಆಧಾರ?

ಓಟಕ್ಕೆಂದು ಕೊಂಡ ವಾಚ್ ಸಾಮಾನ್ಯವಾಗಿ ಮೊದಲು ಕೇಳುವುದು ನಿಮ್ಮ ವಯಸ್ಸನ್ನು. 220ರಿಂದ ವಯಸ್ಸು ಕಳೆದು, ಉಳಿದದ್ದೇ ನಿಮ್ಮ ಗರಿಷ್ಠ ಹೃದಯ ಬಡಿತ ಅಂದುಕೊಂಡು, ಅದರ ಮೇಲೆ ಐದು ಝೋನ್ ಮಾಡಿ ಕೊಡುತ್ತದೆ. ಈ ಲೆಕ್ಕ 10–12 ಬಡಿತ ಆಚೀಚೆ ಆಗುವುದು ಮಾಮೂಲಿ. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಗರಿಷ್ಠ ಬಡಿತ ಸರಿಯಾಗಿಯೇ ಗೊತ್ತಿದ್ದರೂ ಝೋನ್‌ಗಳು ತಪ್ಪಬಹುದು.

ಇಬ್ಬರು ಓಟಗಾರರನ್ನು ನೋಡೋಣ. ಇಬ್ಬರ ಗರಿಷ್ಠ ಬಡಿತವೂ 190. ಒಬ್ಬರು ಹಲವು ವರ್ಷದಿಂದ ಓಡುತ್ತಿದ್ದಾರೆ, ಅವರ ಲ್ಯಾಕ್ಟೇಟ್ ಮಿತಿ 172 ಬಡಿತದಲ್ಲಿದೆ. ಇನ್ನೊಬ್ಬರು ಈಚೆಗೆ ಶುರು ಮಾಡಿದವರು, ಅವರದು 156. ಈಗ ಇಬ್ಬರೂ 160 ಬಡಿತದಲ್ಲಿ ಓಡುತ್ತಿದ್ದಾರೆ ಅಂದುಕೊಳ್ಳಿ. ವಾಚ್ ಪ್ರಕಾರ ಇಬ್ಬರೂ ಗರಿಷ್ಠದ ಶೇ 84ರಲ್ಲಿ, ಅಂದರೆ ಒಂದೇ ಝೋನ್‌ನಲ್ಲಿದ್ದಾರೆ. ನಿಜದಲ್ಲಿ ಮೊದಲನೆಯವರು ತಮ್ಮ ಮಿತಿಗಿಂತ 12 ಬಡಿತ ಕೆಳಗಿದ್ದಾರೆ. ಗಂಟೆ ದಾಟಿದರೂ ಅದೇ ವೇಗದಲ್ಲಿ ಹೋಗಬಲ್ಲರು. ಎರಡನೆಯವರು ಮಿತಿ ದಾಟಿಬಿಟ್ಟಿದ್ದಾರೆ. ಅವರ ಉಸಿರು ಆಗಲೇ ಏರುತ್ತಿದೆ, ಸ್ವಲ್ಪ ಹೊತ್ತಿಗೆ ಕಾಲೂ ಭಾರವಾಗುತ್ತದೆ. ಒಂದೇ ಅಂಕಿ, ಆದರೆ ಇಬ್ಬರ ಮೈಯೊಳಗೆ ನಡೆಯುತ್ತಿರುವ ಕೆಲಸವೇ ಬೇರೆ. ಝೋನ್‌ಗಳನ್ನು ಈ ಮಿತಿಯಿಂದ ಅಳೆಯುವುದು ಇದಕ್ಕೇ.

ಹಾಗಾದರೆ ಮಿತಿ ಅಂದರೆ ಏನು? ಸ್ನಾಯುಗಳು ಸಕ್ಕರೆಯನ್ನು ಬಳಸಿಕೊಳ್ಳುವಾಗ ಲ್ಯಾಕ್ಟೇಟ್ ಹುಟ್ಟುತ್ತದೆ. ಸುಮ್ನೆ ಕೂತಿರುವಾಗಲೂ ಹುಟ್ಟುತ್ತಿರುತ್ತದೆ. ಆಗ ಒಂದು ಲೀಟರ್ ರಕ್ತದಲ್ಲಿ ಸುಮಾರು 1 ಮಿಲಿಮೋಲ್ ಇರುತ್ತದೆ. ಇದನ್ನು ಕಸ ಎಂದು ಬಹಳ ಕಾಲ ನಂಬಿದ್ದರು. ಹೃದಯವೂ ಬೇರೆ ಸ್ನಾಯುಗಳೂ ಅದನ್ನೇ ಇಂಧನವಾಗಿ ಉರಿಸುತ್ತವೆ ಎಂಬ ಚಿತ್ರವನ್ನು 1980ರ ದಶಕದಲ್ಲಿ ಕಟ್ಟಿಕೊಟ್ಟವರು ಅಮೆರಿಕದ ವಿಜ್ಞಾನಿ ಜಾರ್ಜ್ ಬ್ರೂಕ್ಸ್. ಮಾರನೇ ದಿನದ ಮೈಕೈ ನೋವಿಗೂ ಲ್ಯಾಕ್ಟೇಟ್ ಕಾರಣವಲ್ಲ, ಓಟ ಮುಗಿದು ಒಂದೆರಡು ಗಂಟೆಯಲ್ಲಿ ಅದು ರಕ್ತದಲ್ಲಿ ಮೊದಲಿನ ಮಟ್ಟಕ್ಕೆ ಇಳಿದಿರುತ್ತದೆ.

ನಿಧಾನ ಓಟದಲ್ಲಿ ಹುಟ್ಟಿದಷ್ಟೂ ಬಳಕೆಯಾಗುತ್ತದೆ. ವೇಗ ಏರಿಸುತ್ತಾ ಹೋದರೆ ಒಂದು ಹಂತದಲ್ಲಿ ಹುಟ್ಟುವುದು ಜಾಸ್ತಿ, ಬಳಕೆಯಾಗುವುದು ಕಡಿಮೆ ಆಗುತ್ತದೆ. ಅಲ್ಲಿಂದ ಮುಂದೆ ವೇಗ ಏರಿಸದಿದ್ದರೂ ರಕ್ತದಲ್ಲಿ ಲ್ಯಾಕ್ಟೇಟ್ ಏರುತ್ತಲೇ ಇರುತ್ತದೆ. ಆ ಹಂತವೇ ಮಿತಿ. ಸುಸ್ತು ಮಾಡುವುದು ಲ್ಯಾಕ್ಟೇಟ್ ಅಲ್ಲ. ಅದೇ ಹೊತ್ತಿಗೆ ಸ್ನಾಯುವಿನೊಳಗೆ ಆಮ್ಲತೆ, ಫಾಸ್ಫೇಟ್ ಮೊದಲಾದವೂ ಏರುತ್ತಿರುತ್ತವೆ, ಲ್ಯಾಕ್ಟೇಟ್ ಅದಕ್ಕೆ ಗುರುತು ಅಷ್ಟೆ. ಪ್ರಯೋಗಾಲಯಗಳಲ್ಲಿ 4 ಮಿಲಿಮೋಲ್ ಅನ್ನೇ ಎಲ್ಲರ ಮಿತಿ ಎಂದು ಹಿಡಿಯುವ ರೂಢಿ 1970ರ ದಶಕದ ಜರ್ಮನಿಯಿಂದ ಬಂತು. ಅದು ಸರಾಸರಿ ಮಾತ್ರ, ಒಬ್ಬೊಬ್ಬರ ಅಂಕಿ ಅದಕ್ಕಿಂತ ಸಾಕಷ್ಟು ಮೇಲೆ ಕೆಳಗೆ ಇರುತ್ತದೆ.

ರಕ್ತ ತೆಗೆಯದೆಯೂ ಈ ಮಿತಿಯ ಹತ್ತಿರಕ್ಕೆ ಹೋಗಬಹುದು. ಅಮೆರಿಕದ ಕೋಚ್ ಜೋ ಫ್ರೀಲ್ ಅವರಿಂದ ಜನಪ್ರಿಯವಾದ 30 ನಿಮಿಷದ ಪರೀಕ್ಷೆಯನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಹೃದಯದ ತೊಂದರೆ ಇರುವವರು ಇದಕ್ಕೆ ಇಳಿಯುವ ಮುಂಚೆ ವೈದ್ಯರನ್ನು ಕೇಳಲೇಬೇಕು. ರಕ್ತದೊತ್ತಡಕ್ಕೆ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರೂ ಅಷ್ಟೆ. ಆ ಮಾತ್ರೆ ಬಡಿತವನ್ನೇ ಇಳಿಸುವುದರಿಂದ ಮುಂದಿನ ಲೆಕ್ಕ ಅವರಿಗೆ ಹೊಂದುವುದಿಲ್ಲ.

ಪರೀಕ್ಷೆಯ ಹಿಂದಿನ ದಿನ ಕಾಲಿಗೆ ಬಿಡುವು ಕೊಡಿ. ಸಮತಟ್ಟಾದ ದಾರಿ ಅಥವಾ ಟ್ರ್ಯಾಕ್ ಬೇಕು, ತಂಪು ಹೊತ್ತು ಬೇಕು. ಬಿಸಿಲಿನಲ್ಲಿ ಅದೇ ವೇಗಕ್ಕೂ ಬಡಿತ ಏರಿಬಿಡುತ್ತದೆ. ಬಡಿತ ಅಳೆಯಲು ಎದೆಗೆ ಕಟ್ಟುವ ಪಟ್ಟಿಯನ್ನೇ ಬಳಸಿ. ಕೈಗೆ ಕಟ್ಟುವ ವಾಚ್ ಓಡುವಾಗ ಒಮ್ಮೊಮ್ಮೆ ಹೃದಯದ ಬಡಿತ ಬಿಟ್ಟು ಹೆಜ್ಜೆಯ ಬಡಿತವನ್ನು ಹಿಡಿದುಕೊಳ್ಳುತ್ತದೆ. ಹೆಜ್ಜೆಗಳು ನಿಮಿಷಕ್ಕೆ 165–175, ಹಲವರ ಮಿತಿ ಬಡಿತವೂ ಅದೇ ಆಸುಪಾಸು. ಹಾಗಾಗಿ ತಪ್ಪಾದರೂ ಅಂಕಿ ನೋಡಿ ಗೊತ್ತಾಗುವುದೇ ಇಲ್ಲ. ಅನುಮಾನ ಬಂದರೆ ಗ್ರಾಫ್ ನೋಡಿ. ಓಟ ಶುರುವಾದ ಕೆಲವೇ ಸೆಕೆಂಡಿನಲ್ಲಿ 170ಕ್ಕೆ ಜಿಗಿದು ಗೆರೆ ಎಳೆದ ಹಾಗೆ ನಿಂತಿದ್ದರೆ ಅದು ಹೃದಯದ್ದಲ್ಲ, ಕಾಲಿನದು.

ಹದಿನೈದು ನಿಮಿಷ ನಿಧಾನವಾಗಿ ಓಡಿ ಮೈ ಬೆಚ್ಚಗೆ ಮಾಡಿಕೊಳ್ಳಿ, ನಡುವೆ ಮೂರ್ನಾಲ್ಕು ಸಲ ಚಿಕ್ಕದಾಗಿ ವೇಗ ಏರಿಸಿ. ಆಮೇಲೆ 30 ನಿಮಿಷ ಒಬ್ಬರೇ ಓಡಬೇಕು. ಪೂರ್ತಿ 30 ನಿಮಿಷ ಹಿಡಿದಿಡಬಲ್ಲ ಅತಿ ಜೋರು ವೇಗ ಯಾವುದೋ ಅದರಲ್ಲಿ. ಜೊತೆಗಾರರಿದ್ದರೆ ಸ್ಪರ್ಧೆಯ ಹುರುಪಿಗೆ ಮಿತಿಗಿಂತ ಮೇಲೆ ಹೋಗಿಬಿಡುತ್ತೀರಿ. 10 ನಿಮಿಷ ಆದಾಗ ವಾಚ್‌ನಲ್ಲಿ ಲ್ಯಾಪ್ ಗುಂಡಿ ಒತ್ತಿ. ಉಳಿದ 20 ನಿಮಿಷದ ಸರಾಸರಿ ಬಡಿತವೇ ನಿಮ್ಮ ಮಿತಿ ಬಡಿತದ ಅಂದಾಜು. ಮೊದಲ 10 ನಿಮಿಷ ಬಿಡುವುದು ಯಾಕೆಂದರೆ, ಆಗ ಬಡಿತ ಇನ್ನೂ ಏರುತ್ತಿರುತ್ತದೆ, ಸೇರಿಸಿದರೆ ಸರಾಸರಿ ಕೆಳಗಿಳಿಯುತ್ತದೆ.

ಪರೀಕ್ಷೆ ಕೆಡುವುದು ಹೆಚ್ಚಾಗಿ ಮೊದಲ ಐದು ನಿಮಿಷದಲ್ಲೇ. ಓಟ ಮುಗಿದ ಮೇಲೆ ಪ್ರತಿ 10 ನಿಮಿಷಕ್ಕೆ ಎಷ್ಟು ದೂರ ಓಡಿದ್ದೀರಿ ನೋಡಿ. 2, 2, 2.1 ಕಿಲೋಮೀಟರ್ ಬಂದಿದ್ದರೆ ಚೆನ್ನಾಗಿ ಆಗಿದೆ. 2.3, 2, 1.7 ಬಂದಿದ್ದರೆ ಶುರುವಿನಲ್ಲೇ ಮಿತಿ ದಾಟಿ, ಆಮೇಲೆ ಕಾಲೆಳೆದುಕೊಂಡು ಮುಗಿಸಿದ್ದೀರಿ. ಆ ಸರಾಸರಿಯನ್ನು ನಂಬಬೇಡಿ. ವಾರ ಬಿಟ್ಟು ಮತ್ತೆ ಓಡಿ.

ಸರಾಸರಿ 168 ಬಂತು ಅಂದುಕೊಳ್ಳಿ. ಓಟಕ್ಕೆ ಫ್ರೀಲ್ ಅವರ ಲೆಕ್ಕದಲ್ಲಿ ಈ ಮಿತಿ ಬಡಿತದ ಶೇ 85ಕ್ಕಿಂತ ಕೆಳಗಿನದು ಒಂದನೇ ಝೋನ್, ಅಂದರೆ 143ರ ಕೆಳಗೆ. ಶೇ 85ರಿಂದ 89ರವರೆಗೆ ಎರಡನೆಯದು, 143ರಿಂದ 150. ಶೇ 90ರಿಂದ 94 ಮೂರನೆಯದು, 151ರಿಂದ 158. ಶೇ 95ರಿಂದ 99 ನಾಲ್ಕನೆಯದು, ಸುಮಾರು 160ರಿಂದ 166. ಮಿತಿ ಮುಟ್ಟಿದ ಮೇಲೆ ಎಲ್ಲವೂ ಐದನೆಯದು. ಉದ್ದ ಓಟಗಳು ಎರಡನೆಯದರಲ್ಲಿ, ಮಿತಿಯನ್ನೇ ಮೇಲೆತ್ತುವ ಓಟ ನಾಲ್ಕನೆಯದರಲ್ಲಿ. ಉದಾಹರಣೆಗೆ 8 ನಿಮಿಷದಂತೆ ಮೂರು ಸಲ, ನಡುವೆ 2 ನಿಮಿಷ ನಿಧಾನ.

ಇಲ್ಲಿ ಒಂದು ಎಚ್ಚರಿಕೆ. ಲ್ಯಾಕ್ಟೇಟ್ ಏರುವುದರಲ್ಲಿ ಎರಡು ತಿರುವುಗಳಿವೆ. ನಾವು ಅಳೆದದ್ದು ಮೇಲಿನದನ್ನು. ಲ್ಯಾಕ್ಟೇಟ್ ಮೊದಲ ಬಾರಿಗೆ ಮಟ್ಟ ಬಿಟ್ಟು ಮೇಲೇಳುವ ಕೆಳಗಿನ ತಿರುವನ್ನು ಶೇಕಡಾ ಲೆಕ್ಕದಲ್ಲಿ ಊಹಿಸಿದ್ದೇವೆ, ಅಷ್ಟೆ. ಹೊಸಬರಲ್ಲಿ ಅದು ಇನ್ನೂ ಕೆಳಗಿರಬಹುದು. ಹಾಗಾಗಿ ಎರಡನೇ ಝೋನ್ ಅನ್ನು ಮಾತಾಡಿ ಪರೀಕ್ಷಿಸಿ. 148 ಬಡಿತದಲ್ಲಿ ಓಡುತ್ತಾ ಉದ್ದದ ಒಂದು ವಾಕ್ಯವನ್ನು ನಡುವೆ ಉಸಿರು ಎಳೆಯದೆ ಹೇಳಿ. ಆಗದಿದ್ದರೆ ವಾಚ್ ಏನೇ ಹೇಳಲಿ, ಐದಾರು ಬಡಿತ ಇಳಿಸಿ ಓಡಿ.

ಸೈಕಲ್ಲಿಗೆ ಈ ಅಂಕಿಗಳು ನಡೆಯುವುದಿಲ್ಲ. ಅಲ್ಲಿ ಮಿತಿ ಬಡಿತ ಸಾಮಾನ್ಯವಾಗಿ ಕೆಲವು ಬಡಿತ ಕಡಿಮೆ ಇರುತ್ತದೆ, ಬೇರೆ ಪರೀಕ್ಷೆಯೇ ಬೇಕು.

ಆರರಿಂದ ಎಂಟು ವಾರಕ್ಕೊಮ್ಮೆ ಅದೇ ದಾರಿಯಲ್ಲಿ, ಅದೇ ಹೊತ್ತಿಗೆ ಪರೀಕ್ಷೆ ಮಾಡಿ. ಒಂದಷ್ಟು ಕಾಲ ಓಡಿ ಪಳಗಿದವರಲ್ಲಿ 168 ಅನ್ನುವುದು 169–170 ಆಗಬಹುದು, ಕದಲದೆಯೂ ಇರಬಹುದು. ತರಬೇತಿ ಕೆಲಸ ಮಾಡಲಿಲ್ಲ ಅಂತ ಅದಕ್ಕೆ ಅರ್ಥವಲ್ಲ. ದೂರ ನೋಡಿ. 30 ನಿಮಿಷಕ್ಕೆ 6.1 ಕಿಲೋಮೀಟರ್ ಇದ್ದದ್ದು ಅದೇ ಬಡಿತದಲ್ಲಿ 6.3 ಆಗಿದ್ದರೆ, ಮಿತಿಯ ವೇಗ ಏರಿದೆ. ಆಗ ಬಡಿತದ ಝೋನ್‌ಗಳನ್ನು ಹಾಗೇ ಬಿಟ್ಟು, ವೇಗದ ಅಂಕಿಗಳನ್ನು ಮಾತ್ರ ಬದಲಿಸಿಕೊಳ್ಳಿ.